ವಿಪಿಎನ್ ಆನ್ ಇದ್ದಾಗ ಪೇಮೆಂಟ್ ಆ್ಯಪ್ ಯಾಕೆ ತಡೆಯುತ್ತದೆ? ತಡೆ ಎಲ್ಲಿದೆ ಅಂತ ಹುಡುಕುವ ಬಗೆ

ಬಿಲ್ ಕಟ್ಟುವ ಕೊನೆಯ ದಿನ ನನ್ನ ತಮ್ಮ ಫೋನ್ ಮಾಡಿದ. ಪೇಮೆಂಟ್ ಆ್ಯಪ್ ತೆರೆದ ಕೂಡಲೇ "ವಿಪಿಎನ್ ಆಫ್ ಮಾಡಿ, ಮತ್ತೆ ಪ್ರಯತ್ನಿಸಿ" ಅನ್ನುವ ಸಾಲು ಬರುತ್ತಿತ್ತು. ಅದರ ಕೆಳಗೆ ಒಂದೇ ಬಟನ್. ಒತ್ತಿದರೆ ಆ್ಯಪ್ ಮುಚ್ಚಿಕೊಳ್ಳುತ್ತಿತ್ತು.

"ಅಕ್ಕಾ, ನನ್ನ ಫೋನಲ್ಲಿ ವಿಪಿಎನ್ನೇ ಇಲ್ಲ. ಯಾವತ್ತೂ ಹಾಕೇ ಇಲ್ಲ" ಅಂದ.

ಅವನು ಹೇಳಿದ್ದು ನಿಜ. ಆ್ಯಪ್ ಹೇಳಿದ್ದೂ ನಿಜ. ಅದು ಹೇಗೆ ಅಂತ ಬಿಡಿಸುತ್ತಾ ಹೋದಾಗ ಗೊತ್ತಾಯಿತು, ಈ ತಡೆ ಒಂದೇ ಜಾಗದಿಂದ ಬರುವುದಿಲ್ಲ. ಕೆಲವು ಸಲ ತಡೆಯುವುದು ನಿಮ್ಮ ಫೋನಿನಲ್ಲೇ ಇರುವ ಆ್ಯಪ್. ಕೆಲವು ಸಲ ದೂರದ ಬ್ಯಾಂಕ್ ಸರ್ವರ್. ಇನ್ನು ಕೆಲವು ಸಲ ಯಾರೂ ತಡೆದಿರುವುದಿಲ್ಲ, ಟನಲ್ ಒಳಗೆ, ಅಂದರೆ ಡೇಟಾ ಹಾದುಹೋಗಲು ವಿಪಿಎನ್ ಮಾಡುವ ಗುಪ್ತ ದಾರಿಯೊಳಗೆ, ಡೇಟಾ ಸಿಕ್ಕಿಹಾಕಿಕೊಂಡಿರುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ. ಯಾವುದು ಅಂತ ತಿಳಿಯದೆ ಸುಮ್ನೆ ಸರ್ವರ್ ಬದಲಿಸುತ್ತಾ ಹತ್ತು ಸಲ ಒತ್ತಿದರೆ ಖಾತೆಯೇ ಲಾಕ್ ಆಗಬಹುದು. ಅದಕ್ಕೇ ಮೊದಲು ತಡೆ ಎಲ್ಲಿದೆ ಅಂತ ನೋಡೋಣ.

ಮೊದಲು ಗಡಿಯಾರ ನೋಡಿ

ಆ್ಯಪ್ ಯಾವ ಹಂತದಲ್ಲಿ ನಿಂತಿತು, ಎಷ್ಟು ಹೊತ್ತಿಗೆ ನಿಂತಿತು? ಅರ್ಧ ಉತ್ತರ ಇದರಲ್ಲೇ ಇದೆ.

ತೆರೆದ ಒಂದೆರಡು ಸೆಕೆಂಡಿಗೆ, ಪಿನ್ ಕೇಳುವ ಮುಂಚೆಯೇ ವಿಪಿಎನ್ ಹೆಸರು ಹೇಳಿ ತಡೆದರೆ, ಅದು ಹೆಚ್ಚಾಗಿ ಫೋನಿನೊಳಗೇ ನಡೆದ ಪರೀಕ್ಷೆ. ಲಾಗಿನ್ ಸರಾಗವಾಗಿ ಆಗಿ, ಹಣ ಕಳಿಸುವ ಹೊತ್ತಿಗೆ ಇನ್ನೊಂದು ಒಟಿಪಿ, ಸೆಲ್ಫಿ ಅಥವಾ "ಈ ವ್ಯವಹಾರ ಮಾಡಲಾಗದು" ಅನ್ನುವ ಸಾಲು ಬಂದರೆ, ಅದು ಸರ್ವರ್ ಮಾಡಿದ ತೀರ್ಮಾನ. ಯಾವ ಸಂದೇಶವೂ ಇಲ್ಲದೆ ಚಕ್ರ ತಿರುಗುತ್ತಲೇ ಇದ್ದು, ಅರ್ಧ ನಿಮಿಷ ಒಂದು ನಿಮಿಷ ಆದ ಮೇಲೆ "ನೆಟ್‌ವರ್ಕ್ ಸಮಸ್ಯೆ" ಅಂದರೆ, ಟನಲ್‌ನಲ್ಲೇ ಏನೋ ಕೆಟ್ಟಿದೆ.

ಇದು ನೂರಕ್ಕೆ ನೂರು ಸರಿಯಾದ ಲೆಕ್ಕ ಅಲ್ಲ. ಸರ್ವರ್ ಕೂಡ ಆ್ಯಪ್ ತೆರೆದ ಕೂಡಲೇ ಇಲ್ಲ ಅನ್ನಬಹುದು. ಅದನ್ನು ಬೇರ್ಪಡಿಸಲು ಒಂದು ಸಣ್ಣ ಪರೀಕ್ಷೆ ಇದೆ. ವಿಪಿಎನ್ ಆನ್ ಇಟ್ಟು, ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆಯಾ ಅಂತ ನೋಡಿ ಆ್ಯಪ್ ತೆರೆಯಿರಿ. ಇಂಟರ್ನೆಟ್ ಇಲ್ಲದಿದ್ದರೂ ವಿಪಿಎನ್ ಸಂದೇಶವೇ ಬಂದರೆ, ಅದನ್ನು ಹೇಳಿದ್ದು ಸರ್ವರ್ ಅಲ್ಲ ಅಂತ ಖಚಿತ. "ಇಂಟರ್ನೆಟ್ ಇಲ್ಲ" ಅಂದರೆ ಇದರಿಂದ ಏನೂ ತೀರ್ಮಾನ ಆಗುವುದಿಲ್ಲ, ಯಾಕೆಂದರೆ ಎಷ್ಟೋ ಆ್ಯಪ್‌ಗಳು ಮೊದಲು ನೆಟ್‌ವರ್ಕ್ ಇದೆಯಾ ಅಂತಲೇ ನೋಡುತ್ತವೆ.

ತಮ್ಮನ ಫೋನಿನಲ್ಲಿ ವಿಪಿಎನ್ ಸಂದೇಶವೇ ಬಂತು.

ಫೋನಿನೊಳಗಿನ ತಡೆ: ನೀವು ಹಾಕದ ವಿಪಿಎನ್

ಆಂಡ್ರಾಯ್ಡ್‌ನಲ್ಲಿ ಯಾವ ಆ್ಯಪ್ ಬೇಕಾದರೂ "ಈಗಿನ ನೆಟ್‌ವರ್ಕ್ ಯಾವ ಬಗೆಯದು" ಅಂತ ಸಿಸ್ಟಮ್ಮನ್ನು ಕೇಳಬಹುದು. ವೈಫೈ, ಮೊಬೈಲ್ ಡೇಟಾ ಇದ್ದಹಾಗೆ ವಿಪಿಎನ್ ಅನ್ನುವುದೂ ಆ ಪಟ್ಟಿಯಲ್ಲಿ ಒಂದು ಬಗೆ. ಇದನ್ನು ಕೇಳಲು ನಿಮ್ಮ ಮುಂದೆ ಅನುಮತಿ ಪೆಟ್ಟಿಗೆ ಬರುವುದಿಲ್ಲ. ಇನ್ನೊಂದು ದಾರಿಯೂ ಇದೆ. ಟನಲ್ ಶುರುವಾದಾಗ ಫೋನಿನಲ್ಲಿ `tun0` ಅನ್ನುವಂಥ ಹೆಸರಿನ ಹೊಸ ನೆಟ್‌ವರ್ಕ್ ಇಂಟರ್ಫೇಸ್ ಹುಟ್ಟುತ್ತದೆ. ಆ ಹೆಸರು ಕಂಡರೆ ಟನಲ್ ಇದೆ ಅಂತ ಆ್ಯಪ್ ತಿಳಿದುಕೊಳ್ಳುತ್ತದೆ. ಐಫೋನಿನಲ್ಲಿ ಇದರ ಹೆಸರು `utun0`, `utun1` ಹೀಗೆ. ಆದರೆ ಐಫೋನ್ ತನ್ನ ಒಳಗಿನ ಕೆಲಸಗಳಿಗೂ ಇಂಥ ಇಂಟರ್ಫೇಸ್ ಇಟ್ಟುಕೊಂಡಿರುತ್ತದೆ. ಬರೀ ಹೆಸರು ನೋಡಿ ತೀರ್ಮಾನಿಸುವ ಆ್ಯಪ್, ವಿಪಿಎನ್ ಇಲ್ಲದ ಐಫೋನಿನಲ್ಲೂ ಇದೆ ಅಂತ ತಪ್ಪು ತಿಳಿಯಬಹುದು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಪರೀಕ್ಷೆ ಟನಲ್ ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದೇ ಇಲ್ಲ. ಇದೆಯಾ ಇಲ್ವಾ, ಅಷ್ಟೇ. ಹಾಗಾಗಿ ಈ ಬಗೆಯ ತಡೆಗೆ ಸರ್ವರ್ ದೇಶ ಬದಲಿಸಿ ಏನೂ ಪ್ರಯೋಜನ ಇಲ್ಲ.

ತಮ್ಮನಿಗೆ ಹೇಳಿದೆ, "ಸ್ಕ್ರೀನ್ ಮೇಲ್ಗಡೆ ಬಲಕ್ಕೆ ನೋಡೋ, ಸಣ್ಣ ಕೀಲಿಕೈ ಚಿತ್ರ ಇದೆಯಾ?" ಇತ್ತು. ತಿಂಗಳುಗಟ್ಟಲೆ ಇದ್ದದ್ದು, ಅವನು ನೋಡಿಯೇ ಇರಲಿಲ್ಲ. ಆಮೇಲೆ `Settings > Network & internet > VPN` ತೆರೆಸಿದೆ. ಫೋನ್ ಕಂಪನಿ ನೋಡಿ ಈ ಹೆಸರು ಸ್ವಲ್ಪ ಬದಲಾಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಪಟ್ಟಿಯಲ್ಲಿ `VPN` ಅಂತ ಬರೆದರೆ ಸಾಕು. ಅಲ್ಲಿ ಇದ್ದದ್ದು ಅವನು ಜಾಹೀರಾತು ತಡೆಯಲು ಹಾಕಿಕೊಂಡಿದ್ದ ಒಂದು ಆ್ಯಪ್.

ಜಾಹೀರಾತು ತಡೆಯುವ ಆ್ಯಪ್, ಫೈರ್‌ವಾಲ್ ಆ್ಯಪ್, ಮಕ್ಕಳ ಫೋನಿಗೆ ಹಾಕುವ ಕಾವಲು ಆ್ಯಪ್, ಡೇಟಾ ಉಳಿಸುವ ಆ್ಯಪ್, ಕೆಲವು ಆಂಟಿವೈರಸ್‌ಗಳು: ಇವುಗಳಲ್ಲಿ ಎಷ್ಟೋ ಆ್ಯಪ್‌ಗಳು ಕೆಲಸ ಮಾಡುವುದು ವಿಪಿಎನ್ ಬಾಗಿಲಿನ ಮೂಲಕವೇ. ಬೇರೆ ಆ್ಯಪ್‌ಗಳ ಡೇಟಾ ನೋಡಿ ಸೋಸಲು, ರೂಟ್ ಮಾಡದ, ಅಂದರೆ ಸಿಸ್ಟಮ್ಮಿನ ಬೀಗ ತೆಗೆಯದ ಆಂಡ್ರಾಯ್ಡ್ ಫೋನಿನಲ್ಲಿ ಅವಕ್ಕೆ ಇರುವ ದಾರಿ ಅದೊಂದೇ ಅನ್ನಬಹುದು. ಡೇಟಾ ದೂರದ ಸರ್ವರಿಗೆ ಹೋಗದೇ ಇರಬಹುದು. ಫೋನಿನೊಳಗೇ ಒಂದು ಸುತ್ತು ಹಾಕಿ ಹೊರಗೆ ಹೋಗುತ್ತದೆ. ಆದರೂ ಫೋನಿನ ಲೆಕ್ಕದಲ್ಲಿ ಅದು ವಿಪಿಎನ್. ಹಾಕುವಾಗ ಬಂದ ಅನುಮತಿ ಪೆಟ್ಟಿಗೆಯಲ್ಲಿ ವಿಪಿಎನ್ ಅಂತ ಬರೆದಿತ್ತು, ಅವನು ಓದದೆ ಸರಿ ಅಂದಿದ್ದ. ನಾವೆಲ್ಲ ಮಾಡುವುದೂ ಅದೇ ಅಲ್ವಾ?

ಇಂಥ ಆ್ಯಪ್‌ಗಳಿಂದ ಇನ್ನೊಂದು ತೊಂದರೆಯೂ ಇದೆ. ಜಾಹೀರಾತನ್ನು ಪೂರ್ತಿ ಸೋಸಲು ಕೆಲವು ಆ್ಯಪ್‌ಗಳು ತಮ್ಮದೇ ಒಂದು ಸರ್ಟಿಫಿಕೇಟ್, ಅಂದರೆ ಸರ್ವರ್ ಅಸಲಿ ಅಂತ ಹೇಳುವ ಡಿಜಿಟಲ್ ಗುರುತುಪತ್ರ, ಹಾಕಿಸುತ್ತವೆ. ಆಗ ಗುಪ್ತಲಿಪಿಯಲ್ಲಿ ಹೋಗುವ ಡೇಟಾವನ್ನು ಬಿಚ್ಚಿ ನೋಡಿ ಮತ್ತೆ ಕಟ್ಟಿ ಕಳಿಸಬಹುದು. ಪೇಮೆಂಟ್ ಆ್ಯಪ್ ಇದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ, ಬಳಕೆದಾರರು ತಾವಾಗಿ ಹಾಕಿದ ಸರ್ಟಿಫಿಕೇಟನ್ನು ಆ್ಯಪ್‌ಗಳು ಸಾಮಾನ್ಯವಾಗಿ ನಂಬುವುದಿಲ್ಲ. ಪೇಮೆಂಟ್ ಆ್ಯಪ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಸರ್ವರಿನ ಸರ್ಟಿಫಿಕೇಟ್ ಯಾವುದು ಅಂತ ಒಳಗೇ ಬರೆದಿಟ್ಟುಕೊಂಡಿರುವುದುಂಟು. ಬೇರೆ ಏನೇ ಬಂದರೂ ಸಂಪರ್ಕ ಕಡಿದುಹಾಕುತ್ತವೆ. ಆಗ ನಿಮಗೆ ಕಾಣುವುದು "ಸುರಕ್ಷಿತ ಸಂಪರ್ಕ ಸಾಧ್ಯವಾಗಲಿಲ್ಲ" ಅನ್ನುವಂಥ ಸಾಲು. ಇಂಥ ಸಾಲು ಬಂದರೆ ಆ ಸೋಸುವ ಆ್ಯಪ್‌ನಲ್ಲಿ ಪೇಮೆಂಟ್ ಆ್ಯಪನ್ನು ಹೊರಗಿಡಿ. ಆಗದಿದ್ದರೆ ಆ ಸರ್ಟಿಫಿಕೇಟನ್ನೇ ತೆಗೆದುಹಾಕಿ. ದುಡ್ಡು ಓಡಾಡುವ ಫೋನಿನಲ್ಲಿ ಅದು ಇರುವುದು ನನಗಂತೂ ಸರಿ ಅನಿಸುವುದಿಲ್ಲ.

ತಮ್ಮ ಜಾಹೀರಾತು ತಡೆಯುವ ಆ್ಯಪನ್ನು ನಿಲ್ಲಿಸಿದ. ಕೀಲಿಕೈ ಚಿತ್ರ ಹೋಯಿತು. ಆದರೂ ಪೇಮೆಂಟ್ ಆ್ಯಪ್ ಅದೇ ಸಂದೇಶ ತೋರಿಸಿತು! ಇಲ್ಲಿ ತುಂಬಾ ಜನ ಕೈಬಿಡುತ್ತಾರೆ. ಆ್ಯಪ್ ಹಿನ್ನೆಲೆಯಲ್ಲಿ ಇನ್ನೂ ಹಳೆಯ ಸ್ಥಿತಿಯಲ್ಲೇ ಕೂತಿರುತ್ತದೆ. `App info` ಒಳಗೆ ಹೋಗಿ `Force stop` ಒತ್ತಿ, ಹೊಸದಾಗಿ ತೆರೆದಾಗ ಸರಿಹೋಯಿತು. ಬಿಲ್ ಕಟ್ಟಿದ.

ಸರ್ವರಿನ ತಡೆ: "ನನ್ನದೇ ಸರ್ವರ್, ನಾನೊಬ್ಬನೇ ಬಳಸೋದು"

ಅಷ್ಟಕ್ಕೇ ಮುಗಿಯಲಿಲ್ಲ. ಈಗ ವಿಪಿಎನ್ ಅಂದರೆ ಏನು ಅಂತ ಅವನಿಗೆ ಆಸಕ್ತಿ ಬಂತು. ಕ್ಲೌಡ್ ಕಂಪನಿಯೊಂದರಲ್ಲಿ ಸಣ್ಣ ಸರ್ವರ್ ಬಾಡಿಗೆಗೆ ತೆಗೆದುಕೊಂಡು, ಅದರಲ್ಲಿ ವಿಪಿಎನ್ ಸಾಫ್ಟ್‌ವೇರ್ ಆದ ವೈರ್‌ಗಾರ್ಡ್ ಹಾಕಿ, ಫೋನನ್ನು ಜೋಡಿಸಿದ. ಅವನ ತರ್ಕ ಹೀಗಿತ್ತು: ಸಾವಿರಾರು ಜನ ಹಂಚಿಕೊಳ್ಳುವ ವಿಪಿಎನ್ ವಿಳಾಸವನ್ನು ಬ್ಯಾಂಕ್ ಅನುಮಾನಿಸಬಹುದು, ಇದು ನನ್ನೊಬ್ಬನದೇ ವಿಳಾಸ, ಹಾಗಾಗಿ ತೊಂದರೆ ಇಲ್ಲ.

ಅವನ ಎರಡನೆಯ ಬ್ಯಾಂಕ್ ಆ್ಯಪ್ ಫೋನಿನೊಳಗೆ ಟನಲ್ ಇದೆಯಾ ಅಂತ ನೋಡುವುದಿಲ್ಲ. ಅದು ತೆರೆಯಿತು, ಲಾಗಿನ್ ಆಯಿತು. ಹಣ ಕಳಿಸಲು ಹೋದಾಗ ಒಟಿಪಿ ಕೇಳಿತು. ಕೊಟ್ಟ. ಆಮೇಲೆ ಸೆಲ್ಫಿ ಕೇಳಿತು. ಹಿಂದೆ ಯಾವತ್ತೂ ಕೇಳಿರಲಿಲ್ಲ.

ಬ್ಯಾಂಕಿನ ಕಡೆಯಿಂದ ನೋಡಿ. ಪ್ರತಿ ಐಪಿ ವಿಳಾಸಕ್ಕೂ ಒಬ್ಬ ಒಡೆಯ ಇರುತ್ತಾನೆ. ಮೊಬೈಲ್ ಕಂಪನಿ, ಮನೆಗೆ ಇಂಟರ್ನೆಟ್ ಕೊಡುವ ಕಂಪನಿ, ಅಥವಾ ಡೇಟಾ ಸೆಂಟರ್. ಯಾವ ವಿಳಾಸ ಯಾರ ಕೈಲಿದೆ ಅನ್ನುವುದು ಗುಟ್ಟಲ್ಲ. ಈ ಮಾಹಿತಿಯನ್ನು ಒಟ್ಟುಮಾಡಿ, "ಇದು ಡೇಟಾ ಸೆಂಟರ್", "ಇದು ವಿಪಿಎನ್" ಅಂತ ಗುರುತು ಹಾಕಿ ಮಾರುವ ಕಂಪನಿಗಳೇ ಇವೆ. ಒಬ್ಬ ಮಾಮೂಲಿ ಗ್ರಾಹಕ ಡೇಟಾ ಸೆಂಟರ್ ಒಳಗೆ ಕೂತು ಫೋನಿನಿಂದ ಹಣ ಕಳಿಸುವುದಿಲ್ಲ. ಹಾಗಾಗಿ ಆ ವಿಳಾಸವನ್ನು ನೀವೊಬ್ಬರೇ ಬಳಸಿದರೂ ಅದು ಬೇರೆಯಾಗಿ ಎದ್ದು ಕಾಣುತ್ತದೆ. ಇದಕ್ಕೆ ಎದುರಾಗಿ, ಮೊಬೈಲ್ ಡೇಟಾದಲ್ಲಿ ಒಂದೇ ವಿಳಾಸದ ಹಿಂದೆ ನೂರಾರು ಗ್ರಾಹಕರು ಇರುವುದು ಮಾಮೂಲು. ಅದನ್ನು ನೋಡಿ ಬ್ಯಾಂಕ್ ಬೆಚ್ಚುವುದಿಲ್ಲ, ಯಾಕೆಂದರೆ ಮೊಬೈಲ್ ಕಂಪನಿಗಳು ನಡೆಯುವುದೇ ಹಾಗೆ. ತಮ್ಮ ಲೆಕ್ಕ ಹಾಕಿದ್ದು ಎಷ್ಟು ಜನ ಹಂಚಿಕೊಳ್ಳುತ್ತಾರೆ ಅಂತ. ಬ್ಯಾಂಕ್ ಮೊದಲು ನೋಡುವುದು ವಿಳಾಸ ಯಾರದ್ದು ಅಂತ.

ಅದರ ಜೊತೆ ಇನ್ನಷ್ಟು ಸೇರುತ್ತದೆ. ಫೋನಿನ ಸಿಮ್ ಒಂದು ದೇಶದ್ದು, ಗಡಿಯಾರದ ಸಮಯ ವಲಯ ಅದೇ ದೇಶದ್ದು, ಐಪಿ ವಿಳಾಸ ಮಾತ್ರ ಇನ್ನೊಂದು ದೇಶದ್ದು. ಬೆಳಿಗ್ಗೆ 10:00ಕ್ಕೆ ಮನೆಯ ವೈಫೈನಿಂದ ಲಾಗಿನ್, 10:20ಕ್ಕೆ ಸಾವಿರಾರು ಕಿಲೋಮೀಟರ್ ಆಚೆಯಿಂದ ಹಣ ಕಳಿಸುವ ಕೋರಿಕೆ. ಕದ್ದ ಪಾಸ್‌ವರ್ಡ್ ಬಳಸುವ ಕಳ್ಳನ ಹೆಜ್ಜೆಗುರುತು ಕೂಡ ಹೀಗೇ ಇರುತ್ತದೆ. ಅವನೂ ತನ್ನ ನಿಜವಾದ ವಿಳಾಸ ಮುಚ್ಚಿಡಲು ಬಳಸುವುದು ಇಂಥದ್ದೇ ಬಾಡಿಗೆ ಸರ್ವರ್, ಇಂಥದ್ದೇ ವಿಪಿಎನ್. ಸರ್ವರಿಗೆ ನಿಮ್ಮ ಮುಖ ಕಾಣುವುದಿಲ್ಲ. ಅದಕ್ಕೇ ಅದು ಒಂದೊಂದು ಗುರುತಿಗೂ ಒಂದಿಷ್ಟು ಅಂಕ ಕೊಟ್ಟು ಕೂಡಿಸುತ್ತದೆ. ಮೊತ್ತ ಸ್ವಲ್ಪ ಜಾಸ್ತಿಯಾದರೆ ಒಟಿಪಿ, ಇನ್ನೂ ಜಾಸ್ತಿಯಾದರೆ ಸೆಲ್ಫಿ, ಗೆರೆ ದಾಟಿದರೆ ತಡೆ. ಅದೇ ಟನಲ್‌ನಲ್ಲಿ ಸಣ್ಣ ಮೊತ್ತ ಹೋಗಿ ದೊಡ್ಡ ಮೊತ್ತ ನಿಲ್ಲುವುದೂ ಇದೇ ಕಾರಣಕ್ಕೆ. ಹೊಸ ಖಾತೆಗೆ ಕಳಿಸುವಾಗ ನಿಂತು, ಯಾವಾಗಲೂ ಕಳಿಸುವ ಖಾತೆಗೆ ಹೋಗುವುದೂ ಹಾಗೇ.

ಬ್ರೌಸರಿನಲ್ಲಿ ಕಾರ್ಡ್ ಹಾಕಿ ಕೊಂಡುಕೊಳ್ಳುವಾಗಲೂ ಇದೇ ನಡೆಯುತ್ತದೆ. ಕಾರ್ಡ್ ಕೊಟ್ಟ ಬ್ಯಾಂಕಿಗೆ ನಿಮ್ಮ ಐಪಿ ವಿಳಾಸ, ಬ್ರೌಸರಿನ ಭಾಷೆ, ಸಮಯ ವಲಯ ಎಷ್ಟು ನಿಮಿಷ ಹಿಂದೆ ಮುಂದೆ ಅನ್ನುವುದು, ಸ್ಕ್ರೀನಿನ ಅಳತೆ ಇವೆಲ್ಲ ಹೋಗಬಹುದು. ಎಲ್ಲ ಹೊಂದಿದರೆ ಏನೂ ಕೇಳದೆ ಬಿಡಬಹುದು. ವಿಳಾಸ ಒಂದು ಕಡೆ, ಸಮಯ ವಲಯ ಇನ್ನೊಂದು ಕಡೆ ಇದ್ದರೆ ಒಟಿಪಿ ಕೇಳುವ ಸಾಧ್ಯತೆ ಜಾಸ್ತಿ.

ಹಾಗಾದರೆ ಮನೆಯ ರೌಟರಿನಲ್ಲೇ ವೈರ್‌ಗಾರ್ಡ್ ಹಾಕಿ, ಹೊರಗಿದ್ದಾಗ ಅದಕ್ಕೆ ಜೋಡಿಸಿದರೆ? ಆಗ ಬ್ಯಾಂಕಿಗೆ ಕಾಣುವುದು ನಿಮ್ಮ ಮನೆಯ ವಿಳಾಸ. ಸರ್ವರಿನ ತಡೆ ಬಹುಮಟ್ಟಿಗೆ ಹೋಗುತ್ತದೆ. ಆದರೆ ಫೋನಿನೊಳಗೆ ಟನಲ್ ಇದ್ದೇ ಇರುತ್ತದೆ. ಹಾಗಾಗಿ ತಮ್ಮನ ಮೊದಲ ಆ್ಯಪ್ ಆಗಲೂ ತೆರೆಯುವುದಿಲ್ಲ. ಎರಡು ತಡೆಗಳು ಬೇರೆ ಬೇರೆ ಅನ್ನುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಸಿಮ್ ಪರಿಶೀಲನೆ ಬಗ್ಗೆಯೂ ಒಂದು ಮಾತು. ಹೊಸ ಫೋನಿನಲ್ಲಿ ಆ್ಯಪ್ ನೋಂದಾಯಿಸುವಾಗ, ನಂಬರ್ ನಿಮ್ಮದೇ ಅಂತ ತಿಳಿಯಲು ಕೆಲವು ಆ್ಯಪ್‌ಗಳು ಮೊಬೈಲ್ ಡೇಟಾದ ಮೂಲಕ ಆಪರೇಟರನ್ನೇ ಕೇಳುತ್ತವೆ. ಆ ಕೋರಿಕೆ ನೇರವಾಗಿ ಸಿಮ್‌ನ ಜಾಲದಿಂದ ಹೊರಟರೆ ಮಾತ್ರ ಆಪರೇಟರಿಗೆ ಅದು ಯಾವ ನಂಬರಿನದು ಅಂತ ಗೊತ್ತಾಗುತ್ತದೆ. ಟನಲ್ ಒಳಗಿಂದ ಸುತ್ತಿ ಬಂದರೆ ಗೊತ್ತಾಗುವುದಿಲ್ಲ. ಆಗ ಆ್ಯಪ್ ಎಸ್‌ಎಂಎಸ್‌ಗೆ ಇಳಿಯುತ್ತದೆ, ಇಲ್ಲವೇ "ಪರಿಶೀಲನೆ ವಿಫಲ" ಅನ್ನುತ್ತದೆ. ಅದಕ್ಕೇ ಹೊಸ ಫೋನಿನಲ್ಲಿ ಮೊದಲ ಸಲ ನೋಂದಾಯಿಸುವಾಗ ವಿಪಿಎನ್ ಪೂರ್ತಿ ಆಫ್ ಮಾಡಿ, ವೈಫೈ ಕೂಡ ಆಫ್ ಮಾಡಿ, ಮೊಬೈಲ್ ಡೇಟಾದಲ್ಲೇ ಮುಗಿಸಿಬಿಡಿ.

ಯಾರೂ ತಡೆಯದೆ ನಿಂತದ್ದು

ಈಗ ತಮ್ಮನ ಸೆಲ್ಫಿಗೆ ಬರೋಣ. ತೆಗೆದ, ಕಳಿಸು ಅಂತ ಒತ್ತಿದ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು, ಕೊನೆಗೆ ನೆಟ್‌ವರ್ಕ್ ದೋಷ. ಮೂರು ಸಲ ಹೀಗೇ ಆಯಿತು. ಅದೇ ಟನಲ್‌ನಲ್ಲಿ ಮೆಸೇಜ್ ಹೋಗುತ್ತಿತ್ತು, ಲಾಗಿನ್ ಆಗಿತ್ತು. ಫೋಟೊ ಮಾತ್ರ ಹೋಗುತ್ತಿರಲಿಲ್ಲ.

ಸಣ್ಣದು ಹೋಗಿ ದೊಡ್ಡದು ನಿಂತರೆ ಪ್ಯಾಕೆಟ್ ಅಳತೆಯನ್ನು, ಅಂದರೆ ಡೇಟಾ ಹೋಗುವ ಒಂದೊಂದು ತುಂಡಿನ ಅಳತೆಯನ್ನು ಅನುಮಾನಿಸಬೇಕು. ಮಾಮೂಲಿ ಜಾಲದಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್ಟಿಗೂ ತನ್ನ ಹೊದಿಕೆ ಹಾಕುತ್ತದೆ. ಅದಕ್ಕೆ 60 ಅಥವಾ 80 ಬೈಟ್ ಬೇಕು. ಅದಕ್ಕೇ ಒಳಗಿನ ಪ್ಯಾಕೆಟ್ಟಿನ ಮಿತಿಯನ್ನು ಸಾಮಾನ್ಯವಾಗಿ 1420 ಅಂತ ಇಟ್ಟಿರುತ್ತಾರೆ. ಆದರೆ ಕೆಲವು ಜಾಲಗಳಲ್ಲಿ ಹೊರಗಿನ ದಾರಿಯೇ 1500ಕ್ಕಿಂತ ಕಿರಿದು. ಆಗ ತುಂಬಿದ ಪ್ಯಾಕೆಟ್ ಹೊದಿಕೆ ಸಮೇತ ಹಿಡಿಯುವುದಿಲ್ಲ, ದಾರಿಯಲ್ಲೇ ಬಿದ್ದುಹೋಗುತ್ತದೆ. "ದೊಡ್ಡದಾಯಿತು" ಅನ್ನುವ ಮರುಸಂದೇಶವೂ ಮಧ್ಯೆ ಎಲ್ಲೋ ತಡೆಯಲ್ಪಟ್ಟರೆ ಫೋನಿಗೆ ವಿಷಯವೇ ತಿಳಿಯುವುದಿಲ್ಲ. ಮತ್ತೆ ಮತ್ತೆ ಅದೇ ಅಳತೆಯಲ್ಲಿ ಕಳಿಸುತ್ತದೆ.

ಇದನ್ನು ಪರೀಕ್ಷಿಸಲು ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ, ಲ್ಯಾಪ್‌ಟಾಪಿನಲ್ಲೂ ಅಂಥದ್ದೇ ಟನಲ್ ಆನ್ ಮಾಡಿ ಹೀಗೆ ಕೊಡಿ. ಮೊದಲ ಎರಡು ಸಾಲು ಲಿನಕ್ಸ್‌ಗೆ, ಕೊನೆಯ ಎರಡು ವಿಂಡೋಸ್‌ಗೆ:

```
ping -M do -s 1200 1.1.1.1
ping -M do -s 1392 1.1.1.1

ping -f -l 1200 1.1.1.1
ping -f -l 1392 1.1.1.1
```

1392ಕ್ಕೆ 28 ಬೈಟ್ ತಲೆಬರಹ ಸೇರಿದರೆ 1420. ಸಣ್ಣದಕ್ಕೆ ಉತ್ತರ ಬಂದು ದೊಡ್ಡದಕ್ಕೆ ಬರದಿದ್ದರೆ ಸಮಸ್ಯೆ ಇದೇ. ತಮ್ಮನಿಗೂ ಹಾಗೇ ಆಯಿತು. ಫೋನಿನ ವೈರ್‌ಗಾರ್ಡ್ ಸೆಟ್ಟಿಂಗ್‌ನಲ್ಲಿ ಇದ್ದ `MTU = 1420` ಸಾಲನ್ನು ಹೀಗೆ ಬದಲಿಸಿದ:

```
[Interface]
MTU = 1280
```

ಟನಲ್ ಆಫ್ ಮಾಡಿ ಆನ್ ಮಾಡಿದ ಮೇಲೆ ಫೋಟೊ ಒಂದೇ ಸಲಕ್ಕೆ ಹೋಯಿತು. ಕಂಪನಿಗಳ ವಿಪಿಎನ್ ಆ್ಯಪ್ ಬಳಸುವವರಿಗೆ ಈ ಸಾಲು ತಿದ್ದಲು ಸಿಗದೇ ಇರಬಹುದು. ಅಂಥವರು ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಬೇರೆ ಪ್ರೊಟೊಕಾಲ್ ಆರಿಸಿ ನೋಡಬಹುದು.

ತಡೆಯಂತೆ ಕಾಣುವ ಇನ್ನೊಂದು ಸಂಗತಿ ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನದು. ಎಷ್ಟೋ ವಿಪಿಎನ್‌ಗಳು ಹಿಂಬಾಲಿಸುವ ಸೈಟುಗಳನ್ನು ತಡೆಯುವ ಪಟ್ಟಿ ಇಟ್ಟುಕೊಂಡಿರುತ್ತವೆ. ಪೇಮೆಂಟ್ ಆ್ಯಪ್‌ಗಳು ಫೋನಿನ ಗುರುತು ನೋಡಲು ಬಳಸುವ ಸೇವೆಯ ಹೆಸರೂ ಆ ಪಟ್ಟಿಯಲ್ಲಿ ಸೇರಿರಬಹುದು. ಆಗ ಆ ಮಾಹಿತಿ ಬ್ಯಾಂಕಿಗೆ ತಲುಪುವುದೇ ಇಲ್ಲ. ಹಳೆಯ ಗ್ರಾಹಕರಾದರೂ ನೀವು ಹೊಸ ಫೋನಿನವರಂತೆ ಕಾಣುತ್ತೀರಿ, ಹೆಚ್ಚುವರಿ ಪರಿಶೀಲನೆ ಬರುತ್ತದೆ. ವಿಪಿಎನ್ ಆನ್ ಇಟ್ಟೇ ಆ ತಡೆಪಟ್ಟಿಯನ್ನು ಮಾತ್ರ ಆಫ್ ಮಾಡಿ ನೋಡಿದರೆ ಗೊತ್ತಾಗಿಬಿಡುತ್ತದೆ.

ಹಣ ಕಳಿಸುವಾಗ ಪಾಲಿಸುವ ಕ್ರಮ

ಅತಿ ಸುಲಭದ ದಾರಿ, ಪೇಮೆಂಟ್ ಮುಗಿಯುವ ತನಕ ಟನಲ್ ಆಫ್ ಮಾಡುವುದು. ಅದಕ್ಕೊಂದು ಕ್ರಮ ಇದೆ. ಮೊದಲು ಟನಲ್ ಆಫ್ ಮಾಡಿ. ಆಮೇಲೆ ಪೇಮೆಂಟ್ ಆ್ಯಪನ್ನು ಪೂರ್ತಿ ಮುಚ್ಚಿ, ಹೊಸದಾಗಿ ತೆರೆಯಿರಿ. ಹಣ ಹೋಗಿ ರಸೀದಿ ಬಂದ ಮೇಲೆಯೇ ಟನಲ್ ಮತ್ತೆ ಆನ್ ಮಾಡಿ. ಒಟಿಪಿ ಸ್ಕ್ರೀನಿನಲ್ಲಿ ನಿಂತಿರುವಾಗ ಟನಲ್ ಆನ್ ಅಥವಾ ಆಫ್ ಮಾಡಬೇಡಿ. ಲಾಗಿನ್ ಒಂದು ವಿಳಾಸದಿಂದ, ಒಟಿಪಿ ಇನ್ನೊಂದು ವಿಳಾಸದಿಂದ ಬಂದರೆ ಸರ್ವರ್ ಇಡೀ ಲಾಗಿನ್ನನ್ನೇ ರದ್ದು ಮಾಡಬಹುದು.

ಮಧ್ಯೆ ಕಡಿದುಹೋದರೆ ಕೂಡಲೇ ಮತ್ತೆ ಕಳಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಕೋರಿಕೆ ಸರ್ವರಿಗೆ ಮುಟ್ಟಿ, ಹಣ ಹೋಗಿ, ಉತ್ತರ ಮಾತ್ರ ಟನಲ್‌ನಲ್ಲಿ ಕಳೆದುಹೋಗಿರಬಹುದು. ಸ್ಕ್ರೀನ್ ವಿಫಲ ಅಂದರೂ ಹಣ ಹೋಗಿರಬಹುದು. ಟನಲ್ ಆಫ್ ಮಾಡಿ ವ್ಯವಹಾರಗಳ ಪಟ್ಟಿ, ಖಾತೆಯಲ್ಲಿ ಉಳಿದ ಹಣ ಎರಡನ್ನೂ ನೋಡಿ. ಪಟ್ಟಿಯಲ್ಲಿ "ಬಾಕಿ ಇದೆ" ಅಂತ ಇದ್ದರೆ ಅದು ಇತ್ಯರ್ಥ ಆಗುವವರೆಗೆ ಕಾಯಿರಿ.

ಆಫ್ ಮಾಡಿದರೆ ಅಪಾಯ ಅಲ್ವಾ ಅಂತ ಕೇಳುತ್ತಾರೆ. ಪೇಮೆಂಟ್ ಆ್ಯಪ್ ಮತ್ತು ಬ್ಯಾಂಕಿನ ನಡುವಿನ ಮಾತುಕತೆ ಟನಲ್ ಇಲ್ಲದಿದ್ದರೂ ಗುಪ್ತಲಿಪಿಯಲ್ಲೇ ನಡೆಯುತ್ತದೆ. ನೀವು ಯಾವ ಬ್ಯಾಂಕಿನ ಸರ್ವರಿಗೆ ಹೋದಿರಿ ಅಂತ ವೈಫೈ ಒಡೆಯನಿಗೆ ಕಾಣಬಹುದು, ಒಳಗಿನ ಪಿನ್ ಮತ್ತು ಮೊತ್ತ ಕಾಣುವುದಿಲ್ಲ. ಅದೂ ಬೇಡ ಅಂದರೆ ಆ ಎರಡು ನಿಮಿಷ ಮೊಬೈಲ್ ಡೇಟಾ ಬಳಸಿ.

ಪದೇ ಪದೇ ಆಫ್ ಮಾಡಲು ಬೇಸರ ಆಗುವವರಿಗೆ ಇನ್ನೊಂದು ದಾರಿ, ಪೇಮೆಂಟ್ ಆ್ಯಪ್‌ಗಳನ್ನು ಮಾತ್ರ ಟನಲ್‌ನಿಂದ ಹೊರಗಿಡುವುದು. ವಿಪಿಎನ್ ಆ್ಯಪ್‌ಗಳಲ್ಲಿ ಇದು `Split tunneling` ಹೆಸರಿನಲ್ಲೋ, ವೈರ್‌ಗಾರ್ಡ್‌ನಲ್ಲಿ ಆ್ಯಪ್‌ಗಳನ್ನು ಹೊರಗಿಡುವ ಪಟ್ಟಿಯಾಗಿಯೋ ಸಿಗುತ್ತದೆ. ಆಂಡ್ರಾಯ್ಡ್ 5ರಿಂದ ಇದಕ್ಕೆ ಅವಕಾಶ ಇದೆ. ಸಾಮಾನ್ಯ ಬಳಕೆಯ ಐಫೋನಿನಲ್ಲಿ ಹೀಗೆ ಒಂದೊಂದು ಆ್ಯಪನ್ನು ಹೊರಗಿಡಲು ಬರುವುದಿಲ್ಲ, ಆಫ್ ಮಾಡುವುದೇ ದಾರಿ. ಅಲ್ಲಿ ವಿಪಿಎನ್ ತಾನಾಗಿ ಮತ್ತೆ ಆನ್ ಆಗುತ್ತಿದ್ದರೆ `Settings > General > VPN & Device Management` ಒಳಗೆ ಆ ವಿಪಿಎನ್‌ನ ವಿವರದಲ್ಲಿ `Connect On Demand` ಆಫ್ ಮಾಡಿ.

ಹೊರಗಿಟ್ಟರೂ ಎರಡು ಕಡೆ ಎಡವಬಹುದು. ಆಂಡ್ರಾಯ್ಡ್‌ನ ವಿಪಿಎನ್ ಸೆಟ್ಟಿಂಗ್‌ನಲ್ಲಿ `Block connections without VPN` ಆನ್ ಇದ್ದರೆ, ಹೊರಗಿಟ್ಟ ಆ್ಯಪಿಗೆ ಇಂಟರ್ನೆಟ್ಟೇ ಸಿಗುವುದಿಲ್ಲ. ಟನಲ್ ಒಳಗೆ ಅದಕ್ಕೆ ಜಾಗ ಇಲ್ಲ, ಹೊರಗೆ ಬಾಗಿಲು ಮುಚ್ಚಿದೆ. "ಹೊರಗಿಟ್ಟ ಮೇಲೆ ಇನ್ನೂ ಕೆಟ್ಟಿತು" ಅನ್ನುವವರು ಮೊದಲು ಇದನ್ನು ನೋಡಿ. ಎರಡನೆಯದು, ಆ್ಯಪಿನ ಡೇಟಾ ಹೊರಗಿನಿಂದ ಹೋದರೂ `tun0` ಫೋನಿನಲ್ಲಿ ಇದ್ದೇ ಇರುತ್ತದೆ. ಅದನ್ನೇ ಹುಡುಕುವ ಆ್ಯಪ್ ಆಗಲೂ ತಡೆಯುತ್ತದೆ. ತಮ್ಮನ ಎರಡನೆಯ ಬ್ಯಾಂಕ್ ಆ್ಯಪ್ ಹೊರಗಿಟ್ಟ ಮೇಲೆ ಏನೂ ಕೇಳದೆ ನಡೆಯಿತು. ಮೊದಲನೆಯದು ನಡೆಯಲಿಲ್ಲ. ಅದಕ್ಕೆ ಟನಲ್ ಪೂರ್ತಿ ಆಫ್ ಮಾಡಲೇಬೇಕು.

ಆ್ಯಪಿಗೆ ಟನಲ್ ಕಾಣದಂತೆ ಮರೆಮಾಚುವ ತಂತ್ರಗಳೂ ಸಿಗುತ್ತವೆ. ಅವುಗಳಿಗೆ ಸಾಮಾನ್ಯವಾಗಿ ಫೋನನ್ನು ರೂಟ್ ಮಾಡಬೇಕು. ರೂಟ್ ಆದ ಫೋನನ್ನು ಪೇಮೆಂಟ್ ಆ್ಯಪ್‌ಗಳು ವಿಪಿಎನ್‌ಗಿಂತ ಕಟ್ಟುನಿಟ್ಟಾಗಿ ತಡೆಯುತ್ತವೆ. ಆ ದಾರಿ ಬೇಡ.

ಇಷ್ಟೆಲ್ಲ ಮಾಡುವ ಹೊತ್ತಿಗೆ ಖಾತೆ ಲಾಕ್ ಆಗಿದ್ದರೆ, ಮತ್ತೆ ಪ್ರಯತ್ನಿಸದೆ ಆ್ಯಪ್ ಒಳಗೆ ಕೊಟ್ಟಿರುವ ಅಥವಾ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ನೀವೇ ಫೋನ್ ಮಾಡಿ. ಹುಡುಕಾಟದಲ್ಲಿ ಸಿಕ್ಕ ನಂಬರ್ ಬೇಡ. ತಡೆ ಬಂದ ಸಮಯ, ಸ್ಕ್ರೀನಿನ ಮೇಲಿದ್ದ ದೋಷದ ಕೋಡ್, ಆಗ ವೈಫೈ ಇತ್ತಾ ಮೊಬೈಲ್ ಡೇಟಾ ಇತ್ತಾ, ವಿಪಿಎನ್ ಆನ್ ಇತ್ತಾ ಅನ್ನುವುದನ್ನು ಹೇಳಿ. ವಿಪಿಎನ್ ಇತ್ತು ಅಂತ ಹೇಳಲು ಹಿಂಜರಿಯಬೇಡಿ. ಅದನ್ನು ಮುಚ್ಚಿಟ್ಟರೆ, ಬೇರೆ ದೇಶದಿಂದ ಯಾರೋ ನಿಮ್ಮ ಖಾತೆಗೆ ಕೈ ಹಾಕಿದ್ದಾರೆ ಅಂತಲೇ ಅವರು ತಿಳಿಯಬೇಕಾಗುತ್ತದೆ. ಮಾತಾಡುವವರು ನಿಮ್ಮ ಒಟಿಪಿ ಅಥವಾ ಪಿನ್ ಹೇಳಿ ಅಂದರೆ, ಇಲ್ಲವೇ ಸ್ಕ್ರೀನ್ ಹಂಚುವ ಆ್ಯಪ್ ಹಾಕಿಕೊಳ್ಳಿ ಅಂದರೆ, ಅಲ್ಲೇ ಫೋನ್ ಇಟ್ಟುಬಿಡಿ.